ಚೆನ್ನಾಗಿ ಓಡುತ್ತಿರುವ ಆ್ಯಪ್‌ಗೆ ವರ್ಷ ವರ್ಷ ಹಣ ಏಕೆ, ಎಷ್ಟು?

ಪ್ರಶ್ನೆ: ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಕಿರಾಣಿ ಸಗಟು ವ್ಯಾಪಾರ. ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಸುಮಾರು 340 ಅಂಗಡಿಯವರು ನಮ್ಮ ಆ್ಯಪ್‌ನಲ್ಲಿ ಆರ್ಡರ್ ಹಾಕುತ್ತಾರೆ. 2023ರ ಕೊನೆಯಲ್ಲಿ ₹4.5 ಲಕ್ಷ ಕೊಟ್ಟು ಮಾಡಿಸಿದ್ದು, ಫ್ಲಟರ್ ಎಂಬ ಆ್ಯಪ್ ಕಟ್ಟುವ ಉಪಕರಣದಲ್ಲಿ ಬರೆದದ್ದಂತೆ. ಆಮೇಲೆ ಅದಕ್ಕೆ ಹೆಚ್ಚೇನೂ ಖರ್ಚು ಮಾಡಿಲ್ಲ. 2024ರ ಮಳೆಗಾಲದಲ್ಲಿ ಒಮ್ಮೆ ನೋಟಿಫಿಕೇಶನ್ ನಿಂತಿತ್ತು, ಡೆವಲಪರ್ ಸರಿಮಾಡಿಕೊಟ್ಟರು. ಈಗ ಅವರು ವರ್ಷಕ್ಕೆ ₹1.10 ಲಕ್ಷ ಎಎಂಸಿ ಕೇಳುತ್ತಿದ್ದಾರೆ. ಗೂಗಲ್‌ನಿಂದಲೂ ‘ಟಾರ್ಗೆಟ್ ಎಪಿಐ’ ಎಂದೇನೋ ಮೇಲ್ ಬರುತ್ತಿದೆ. ಆದರೆ ನಮ್ಮ ಫೋನ್‌ಗಳಲ್ಲಿ ಆ್ಯಪ್ ಚೆನ್ನಾಗಿಯೇ ಓಡುತ್ತಿದೆ. ಏನೂ ಕೆಡದಿರುವಾಗ ರಿಪೇರಿಗೆ ಹಣ ಏಕೆ? ಒಬ್ಬ ಗೆಳೆಯರು ‘ಮಾಡಿಸಿದ ಬೆಲೆಯ ಶೇ 20 ಎತ್ತಿಡಿ’ ಎನ್ನುತ್ತಾರೆ, ಇನ್ನೊಬ್ಬರು ‘ಪ್ಲೇ ಸ್ಟೋರ್ ಫೀ ಬಿಟ್ಟರೆ ಏನೂ ಬೇಡ’ ಎನ್ನುತ್ತಾರೆ. ಐಫೋನ್ ಇರುವವರು 9 ಅಂಗಡಿಯವರು ಮಾತ್ರ. ಯಾವ ಲೆಕ್ಕ ಸರಿ?

ಉತ್ತರ: ನಿಮ್ಮ ಇಬ್ಬರು ಗೆಳೆಯರ ಮಾತಿನಲ್ಲಿ ಎರಡನೆಯವರದ್ದನ್ನು ಮೊದಲು ನೋಡೋಣ, ಏಕೆಂದರೆ ಅದು ಬೇಗ ಮುಗಿಯುತ್ತದೆ. ಸ್ಟೋರ್ ಫೀ ಎಂಬುದು ನಿಮ್ಮ ಲೆಕ್ಕದಲ್ಲಿ ಅತಿ ಸಣ್ಣ ಬಾಬತ್ತು. ಗೂಗಲ್ ಪ್ಲೇಯಲ್ಲಿ ಡೆವಲಪರ್ ಖಾತೆಗೆ 25 ಡಾಲರ್ ಕಟ್ಟುವುದು ಒಂದೇ ಸಲ, ಅದನ್ನು ನೀವು ಆಗಲೇ ಕಟ್ಟಿದ್ದೀರಿ. ಆ್ಯಪಲ್ ಮಾತ್ರ ವರ್ಷಕ್ಕೆ 99 ಡಾಲರ್ ತೆಗೆದುಕೊಳ್ಳುತ್ತದೆ. ಸ್ಟೋರ್‌ನವರು ಮಾರಾಟದಲ್ಲಿ ಶೇ 15 ಅಥವಾ ಶೇ 30 ಹಿಡಿದುಕೊಳ್ಳುತ್ತಾರೆ ಎಂಬ ಮಾತನ್ನೂ ನೀವು ಕೇಳಿರಬಹುದು. ಅದು ಆ್ಯಪ್‌ನೊಳಗೇ ಬಳಸುವ ಡಿಜಿಟಲ್ ಸರಕಿಗೆ, ಅಂದರೆ ಚಂದಾ, ಆಟದ ನಾಣ್ಯ, ವಿಡಿಯೊ ಪಾಠ ಇಂಥವುಗಳಿಗೆ ಅನ್ವಯಿಸುವ ಕಮಿಷನ್. ಅಕ್ಕಿ, ಬೇಳೆ, ಸೋಪು, ಬಿಸ್ಕತ್ತಿನ ಆರ್ಡರ್‌ಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ವಹಿವಾಟಿನಲ್ಲಿ ಸ್ಟೋರ್‌ಗೆ ಒಂದು ಪೈಸೆಯ ಪಾಲೂ ಇಲ್ಲ.

ನಿಜವಾದ ಖರ್ಚು ಇರುವುದು ಗೂಗಲ್ ಕಳಿಸುತ್ತಿರುವ ಆ ಮೇಲ್‌ನಲ್ಲಿ. ಆಂಡ್ರಾಯ್ಡ್‌ನ ಪ್ರತಿ ದೊಡ್ಡ ಆವೃತ್ತಿಗೂ ಎಪಿಐ ಮಟ್ಟ ಎಂಬ ಒಂದು ಸಂಖ್ಯೆ ಇರುತ್ತದೆ: ಆಂಡ್ರಾಯ್ಡ್ 13ಕ್ಕೆ 33, 14ಕ್ಕೆ 34, 15ಕ್ಕೆ 35, 16ಕ್ಕೆ 36. ಆ್ಯಪ್ ಬರೆಯುವಾಗ ‘ಇದನ್ನು ಇಂಥ ಆವೃತ್ತಿಯ ನಿಯಮಗಳಿಗೆ ಹೊಂದಿಸಿ ಪರೀಕ್ಷಿಸಿದ್ದೇವೆ’ ಎಂದು ಒಂದು ಸಾಲಿನಲ್ಲಿ ಘೋಷಿಸಬೇಕು. ಆ ಸಾಲಿನ ಹೆಸರು `targetSdk`. 2023ರ ಕೊನೆಯಲ್ಲಿ ಪ್ಲೇ ಸ್ಟೋರ್ ಕೇಳುತ್ತಿದ್ದ ಕನಿಷ್ಠ ಸಂಖ್ಯೆ 33. ಆಮೇಲೆ ಮುಟ್ಟಿಲ್ಲವೆಂದರೆ ನಿಮ್ಮ ಆ್ಯಪ್ ಇಂದಿಗೂ 33ರಲ್ಲೇ ಇರುವ ಸಾಧ್ಯತೆ ಹೆಚ್ಚು. ಈ ಕನಿಷ್ಠ ಮಿತಿ ವರ್ಷಕ್ಕೊಮ್ಮೆ, ಆಗಸ್ಟ್ 31ರಂದು, ಒಂದೊಂದು ಮೆಟ್ಟಿಲು ಏರುತ್ತದೆ. 2024ರಲ್ಲಿ 34 ಆಯಿತು, 2025ರಲ್ಲಿ 35 ಆಯಿತು. ಇದೇ ಕ್ರಮದಲ್ಲಿ 2026ರ ಆಗಸ್ಟ್ ಕೊನೆಗೆ 36ರ ಸರದಿ.

ಗಡುವು ದಾಟಿದರೆ ಆ್ಯಪ್ ಮಾಯವಾಗುತ್ತದೆ ಎಂದು ಹೆದರಿಸುವವರಿದ್ದಾರೆ, ಅದು ನಿಜವಲ್ಲ. ಈಗಾಗಲೇ ಹಾಕಿಕೊಂಡವರ ಫೋನ್‌ನಲ್ಲಿ ಅದು ಇರುತ್ತದೆ, ಓಡುತ್ತದೆ. ಅವರು ಅಳಿಸಿ ಮತ್ತೆ ಹಾಕಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ನೀವು ‘ಚೆನ್ನಾಗಿಯೇ ಓಡುತ್ತಿದೆ’ ಎಂದು ಬರೆದಿರುವುದು ಇದೇ ಕಾರಣಕ್ಕೆ ಸರಿ. ಆದರೆ ತೊಂದರೆ ನಿಮ್ಮ ಕಣ್ಣಿಗೆ ಬೀಳದ ಎರಡು ಜಾಗಗಳಲ್ಲಿ ಶುರುವಾಗಿರುತ್ತದೆ. ಮೊದಲನೆಯದು, ಎರಡು ಮೆಟ್ಟಿಲು ಹಿಂದೆ ಬಿದ್ದ ಆ್ಯಪನ್ನು ಪ್ಲೇ ಸ್ಟೋರ್ ಹೊಸ ಗಿರಾಕಿಗೆ ತೋರಿಸುವುದಿಲ್ಲ, ಅದೂ ಅವನ ಫೋನ್‌ನ ಆಂಡ್ರಾಯ್ಡ್ ನಿಮ್ಮ ಆ್ಯಪ್‌ನ ಸಂಖ್ಯೆಗಿಂತ ಹೊಸದಾಗಿದ್ದರೆ ಮಾತ್ರ. ಹೀಗಾಗಿ ಜಗಳೂರಿನಲ್ಲಿ ಹೊಸದಾಗಿ ಅಂಗಡಿ ಇಟ್ಟವರೊಬ್ಬರು ಹೊಸ ಫೋನ್‌ನಲ್ಲಿ ಹುಡುಕಿದರೆ ನಿಮ್ಮ ಆ್ಯಪ್ ಸಿಗುವುದಿಲ್ಲ. ಪಕ್ಕದ ಅಂಗಡಿಯವರ ಹಳೆಯ ಫೋನ್‌ನಲ್ಲಿ ಹುಡುಕಿದರೆ ಸಿಗುತ್ತದೆ. ‘ಸ್ಟೋರ್‌ನಲ್ಲಿ ಬರ್ತಿಲ್ಲ’ ಎಂದು ಇತ್ತೀಚೆಗೆ ನಿಮ್ಮ ಸೇಲ್ಸ್ ಹುಡುಗರ ಹತ್ತಿರ ಯಾರಾದರೂ ಹೇಳಿದ್ದಾರೆಯೇ ಎಂದು ಕೇಳಿ ನೋಡಿ. ಹುಡುಗರು ಆಗ ಆ್ಯಪ್ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿ ಕೆಲಸ ಮುಗಿಸಿರುತ್ತಾರೆ, ನಿಮಗೆ ಸುದ್ದಿಯೇ ಮುಟ್ಟಿರುವುದಿಲ್ಲ.

ಎರಡನೆಯದು ಇದಕ್ಕಿಂತ ಗಂಭೀರ. ಗಡುವಿನ ನಂತರ ಹಳೆಯ ಸಂಖ್ಯೆಯ ಆ್ಯಪ್‌ಗೆ ಯಾವ ತಿದ್ದುಪಡಿಯನ್ನೂ ಏರಿಸಲು ಬರುವುದಿಲ್ಲ, ಅದು ಒಂದೇ ಒಂದು ಅಕ್ಷರದ ತಿದ್ದುಪಡಿಯಾದರೂ ಸರಿ. ಇದರ ಬಿಸಿ ಏನೆಂದು 2025ರ ಸೆಪ್ಟೆಂಬರ್‌ನಲ್ಲಿ ಚಿತ್ರದುರ್ಗದ ಒಬ್ಬ ಸಗಟು ವ್ಯಾಪಾರಿಯ ಕೆಲಸದಲ್ಲಿ ಹತ್ತಿರದಿಂದ ಕಂಡೆ. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಸೋಪು ಮತ್ತು ಬಿಸ್ಕತ್ತು ಶೇ 18ರಿಂದ ಶೇ 5ಕ್ಕೆ, ತುಪ್ಪ ಶೇ 12ರಿಂದ ಶೇ 5ಕ್ಕೆ ಇಳಿದವು. ಅವರ ಆ್ಯಪ್‌ನಲ್ಲಿ ತೆರಿಗೆ ದರವನ್ನು ಸರ್ವರ್‌ನಲ್ಲಿ ಇಡದೆ ಆ್ಯಪ್‌ನ ಕೋಡ್‌ನಲ್ಲೇ ಬರೆದಿದ್ದರು. ದರ ತಿದ್ದುವುದು ಹತ್ತು ನಿಮಿಷದ ಕೆಲಸ, ಆದರೆ ಡೆವಲಪರ್‌ಗಳು ಆ್ಯಪ್ ಏರಿಸುವ ಗೂಗಲ್‌ನ ತಾಣವಾದ ಪ್ಲೇ ಕನ್ಸೋಲ್ ಆ ತಿದ್ದಿದ ಆ್ಯಪನ್ನು ತೆಗೆದುಕೊಳ್ಳಲಿಲ್ಲ, ಏಕೆಂದರೆ ಆಗಸ್ಟ್ 31 ಕಳೆದಿತ್ತು ಮತ್ತು ಅವರ ಸಂಖ್ಯೆ 34ರಲ್ಲೇ ನಿಂತಿತ್ತು. ನವರಾತ್ರಿಯ ಆರ್ಡರ್‌ಗಳು ಬರುತ್ತಿದ್ದ ವಾರದಲ್ಲಿ ಬಿಲ್ಲುಗಳನ್ನು ಕೈಯಲ್ಲಿ ತಿದ್ದಬೇಕಾಯಿತು. ಕನ್ಸೋಲ್‌ನಲ್ಲಿ ಕೋರಿಕೆ ಸಲ್ಲಿಸಿದರೆ ನವೆಂಬರ್ 1ರವರೆಗೆ ಹೆಚ್ಚುವರಿ ಕಾಲಾವಕಾಶ ಸಿಗುತ್ತಿತ್ತು. ಅದನ್ನು ಹುಡುಕಿ, ಕೇಳಿ, ಪಡೆದ ಮೇಲೆ ತಿದ್ದುಪಡಿ ಹೊರಗೆ ಹೋಯಿತು. ಆದ್ದರಿಂದ ನೀವು ಈ ಹಣ ಕೊಡುವುದು ಕೆಟ್ಟದ್ದನ್ನು ರಿಪೇರಿ ಮಾಡಿಸುವುದಕ್ಕಲ್ಲ, ಬೇಕಾದ ದಿನ ಆ್ಯಪನ್ನು ಬದಲಿಸುವ ಹಕ್ಕನ್ನು ಉಳಿಸಿಕೊಳ್ಳುವುದಕ್ಕೆ. (ನಿಮ್ಮ ಆ್ಯಪ್‌ನಲ್ಲಿ ತೆರಿಗೆ ದರ ಎಲ್ಲಿದೆ ಎಂದು ಈ ವಾರವೇ ಕೇಳಿಬಿಡಿ. ಕೋಡ್‌ನಲ್ಲಿದ್ದರೆ ಸರ್ವರ್‌ಗೆ ಸರಿಸುವುದು ಮುಂದೆ ಹೇಳುವ ಎಲ್ಲ ಕೆಲಸಗಳಿಗಿಂತ ಮೊದಲು ಆಗಬೇಕು.)

ಹಾಗಾದರೆ 33 ಎಂದಿರುವಲ್ಲಿ 35 ಎಂದು ಬರೆದರೆ ಮುಗಿಯಿತಲ್ಲ, ಅದಕ್ಕೆ ಅಷ್ಟು ಹಣವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಮತ್ತು ಇಡೀ ಲೆಕ್ಕದ ಕೀಲಿ ಇಲ್ಲಿಯೇ ಇದೆ. ನಿಮ್ಮ ಆ್ಯಪ್‌ನ ಕೋಡ್‌ನಲ್ಲಿ ನಿಮ್ಮ ಡೆವಲಪರ್ ಕೈಯಾರೆ ಬರೆದದ್ದು ಒಂದು ಪಾಲು ಮಾತ್ರ. ನೋಟಿಫಿಕೇಶನ್, ಬಾರ್‌ಕೋಡ್ ಸ್ಕ್ಯಾನ್, ಲೈನ್‌ಗೆ ಹೋದ ಹುಡುಗರು ಬ್ಲೂಟೂತ್ ಪ್ರಿಂಟರ್‌ನಲ್ಲಿ ಬಿಲ್ ತೆಗೆಯುವುದು, ಫೋಟೊ ಆರಿಸುವುದು, ಇವೆಲ್ಲ ಬೇರೆಯವರು ಬರೆದು ಹಂಚಿದ ಸಿದ್ಧ ಲೈಬ್ರರಿಗಳು. ಸಂಖ್ಯೆ ಏರಿಸಿದಾಗ ಬಿಲ್ಡ್ ಮಾಡುವ, ಅಂದರೆ ಬರೆದ ಕೋಡನ್ನು ಫೋನ್‌ನಲ್ಲಿ ಓಡುವ ಆ್ಯಪ್ ಆಗಿಸುವ ಉಪಕರಣಗಳ ಹೊಸ ಆವೃತ್ತಿ ಬೇಕಾಗುತ್ತದೆ, ಏಕೆಂದರೆ ಹಳೆಯ ಉಪಕರಣಕ್ಕೆ ಆಂಡ್ರಾಯ್ಡ್ 15ರ ಕಡತಗಳನ್ನು ಓದಲು ಬರುವುದಿಲ್ಲ. ಹೊಸ ಉಪಕರಣ ಜಾವಾದ ಹೊಸ ಆವೃತ್ತಿ ಕೇಳುತ್ತದೆ, ಫ್ಲಟರ್‌ನ ಹೊಸ ಆವೃತ್ತಿ ಕೇಳುತ್ತದೆ. ಹೊಸ ಫ್ಲಟರ್ ಬಂದ ಕೂಡಲೇ ಹಳೆಯ ಲೈಬ್ರರಿಗಳಲ್ಲಿ ಕೆಲವು ಬಿಲ್ಡ್ ಆಗುವುದೇ ಇಲ್ಲ.

ನಿಮ್ಮಂಥ ಆ್ಯಪ್‌ಗಳಲ್ಲಿ ಇದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದರೆ, ಸಾಮಾನ್ಯವಾಗಿ ಪ್ರಿಂಟರ್ ಲೈಬ್ರರಿಯಲ್ಲಿ. ಬ್ಲೂಟೂತ್ ಬಿಲ್ ಪ್ರಿಂಟರ್‌ಗಾಗಿ ಬರೆದ ಲೈಬ್ರರಿಗಳಲ್ಲಿ ಹಲವು ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ಬರೆದು, ಆಮೇಲೆ ಕೈಬಿಟ್ಟವು. ಹೊಸ ಉಪಕರಣದಲ್ಲಿ ಬಿಲ್ಡ್ ಒತ್ತಿದರೆ ಪರದೆಯ ಮೇಲೆ ಈ ಸಾಲು ಬಂದು ಕೆಲಸ ನಿಲ್ಲುತ್ತದೆ:

```
Namespace not specified. Specify a namespace in the module's build file.
```

ಇದು ಸಣ್ಣ ದೋಷ. ಆ ಲೈಬ್ರರಿಯ ಬಿಲ್ಡ್ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಈ ಸಂದೇಶ ಹೋಗುತ್ತದೆ. ಆದರೆ ಆ ಕಡತ ನಿಮ್ಮ ಡೆವಲಪರ್‌ದಲ್ಲ. ಮೂಲ ಲೇಖಕರು ಹೊಸ ಆವೃತ್ತಿ ತರದಿದ್ದರೆ ಲೈಬ್ರರಿಯ ನಕಲು ಮಾಡಿಕೊಂಡು ತಾವೇ ಸಾಕಬೇಕು, ಇಲ್ಲವೇ ಬೇರೆ ಲೈಬ್ರರಿಗೆ ಬದಲಾಯಿಸಬೇಕು. ನಕಲು ಮಾಡಿ ಸಾಕುವುದು ಇಂದಿಗೆ ಅಗ್ಗ, ಮುಂದಿನ ವರ್ಷ ಮತ್ತೆ ಅದೇ ಕೆಲಸ. ಬದಲಾಯಿಸಿದರೆ ಬಿಲ್‌ನ ಅಳತೆ, ಕನ್ನಡ ಅಕ್ಷರ ಮೂಡುವ ರೀತಿ, ಪ್ರಿಂಟರ್ ಜೋಡಿಸುವ ಪರದೆ ಎಲ್ಲವನ್ನೂ ಮತ್ತೆ ಹೊಂದಿಸಿ, ನಿಮ್ಮಲ್ಲಿರುವ ಪ್ರತಿ ಮಾದರಿಯ ಪ್ರಿಂಟರ್‌ನಲ್ಲೂ ತೆಗೆದು ನೋಡಬೇಕು. ನನ್ನ ಸಲಹೆ ಬದಲಾಯಿಸುವುದರ ಕಡೆಗೇ ಇದೆ.

ಬಾರ್‌ಕೋಡ್ ಲೈಬ್ರರಿಯ ತೊಂದರೆ ಬೇರೆ ತರಹದ್ದು. ಅದರೊಳಗೆ ಸಿ++ನಲ್ಲಿ ಬರೆದು ಮೊದಲೇ ಬಿಲ್ಡ್ ಮಾಡಿಟ್ಟ ಭಾಗ ಇರುತ್ತದೆ. ಫೋನ್‌ನ ಮೆಮೊರಿಯನ್ನು ಹಂಚುವ ತುಣುಕಿನ ಗಾತ್ರ ಇಷ್ಟು ವರ್ಷ 4 ಕೆಬಿ ಇತ್ತು; ಹೊಸ ಫೋನ್‌ಗಳಲ್ಲಿ 16 ಕೆಬಿ ಆಗಬಹುದಾದ್ದರಿಂದ, 2025ರ ನವೆಂಬರ್ 1ರಿಂದ 35 ಅಥವಾ ಅದಕ್ಕಿಂತ ಮೇಲಿನ ಸಂಖ್ಯೆಯಲ್ಲಿ ಏರಿಸುವ ಆ್ಯಪ್‌ಗಳು ಎರಡಕ್ಕೂ ಹೊಂದಬೇಕು ಎಂದು ಪ್ಲೇ ಸ್ಟೋರ್ ನಿಯಮ ಮಾಡಿತು. ಫ್ಲಟರ್‌ನ ಹೊಸ ಆವೃತ್ತಿ ಹಾಕಿದರೆ ಅದರ ಸ್ವಂತ ಭಾಗ ಸರಿಹೋಗುತ್ತದೆ, ಲೈಬ್ರರಿಯೊಳಗಿನ ಭಾಗ ಆ ಲೈಬ್ರರಿಯನ್ನೇ ಏರಿಸದ ಹೊರತು ಸರಿಹೋಗುವುದಿಲ್ಲ.

ಇಷ್ಟಾದ ಮೇಲೆ ಬಿಲ್ಡ್ ಆಗುತ್ತದೆ. ಬಿಲ್ಡ್ ಆಯಿತೆಂದು ಸಂತೋಷಪಟ್ಟು ಅಂದೇ ಬಿಡುಗಡೆ ಮಾಡುವವರನ್ನು ನೋಡಿದ್ದೇನೆ; ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಸಂಖ್ಯೆ 35 ಎಂದು ಘೋಷಿಸಿದ ಆ್ಯಪ್, ಆಂಡ್ರಾಯ್ಡ್ 15 ಇರುವ ಫೋನ್‌ನಲ್ಲಿ ಪರದೆಯ ಮೇಲಂಚಿನಿಂದ ಕೆಳಗಂಚಿನವರೆಗೆ ತಾನಾಗಿಯೇ ಹರಡಿಕೊಳ್ಳುತ್ತದೆ. ಹಳೆಯ ರೀತಿಯಲ್ಲಿ ಬರೆದ ಪುಟಗಳಲ್ಲಿ ಕೆಳಗಿರುವ ‘ಆರ್ಡರ್ ಕಳಿಸಿ’ ಗುಂಡಿ ಫೋನ್‌ನ ಮೂರು ಗುಂಡಿಗಳ ಪಟ್ಟಿಯ ಅಡಿಗೆ ಸರಿಯುತ್ತದೆ. ಅಂಗಡಿಯವರು ಗುಂಡಿಯ ಮೇಲಿನ ಅರ್ಧವನ್ನು ಒತ್ತಿದರೆ ಆರ್ಡರ್ ಹೋಗುತ್ತದೆ, ಕೆಳಗಿನ ಅರ್ಧ ಒತ್ತಿದರೆ ಆ್ಯಪ್‌ನಿಂದ ಹೊರಗೆ ಬರುತ್ತಾರೆ. ಡೆವಲಪರ್‌ನ ಸ್ವಂತ ಫೋನ್‌ನಲ್ಲಿ ಮೂರು ಗುಂಡಿಗಳ ಬದಲು ಬೆರಳು ಸರಿಸುವ ಸನ್ನೆಗಳ ವ್ಯವಸ್ಥೆ ಇದ್ದರೆ ಅವರಿಗೆ ಇದು ಕಾಣುವುದೇ ಇಲ್ಲ. ತಿದ್ದುವುದು ಸುಲಭ, ಕಂಡುಹಿಡಿಯುವುದಕ್ಕೆ ಪ್ರತಿ ಪುಟವನ್ನೂ ಎರಡು ಮೂರು ಬಗೆಯ ಫೋನ್‌ಗಳಲ್ಲಿ ತೆರೆದು ನೋಡುವ ತಾಳ್ಮೆ ಬೇಕು. ವರ್ಷದ ನಿರ್ವಹಣೆಯ ಗಂಟೆಗಳಲ್ಲಿ ದೊಡ್ಡ ಪಾಲು ಈ ನೋಡುವ ಕೆಲಸಕ್ಕೇ ಹೋಗುತ್ತದೆ.

ನಿಮ್ಮ ನೋಟಿಫಿಕೇಶನ್ ನಿಂತ ಕಥೆಯೂ ಇದೇ ಜಾತಿಯದು. ಸರ್ವರ್‌ನಿಂದ ನೋಟಿಫಿಕೇಶನ್ ಕಳಿಸುವ, ಗೂಗಲ್‌ನ ಸೇವೆಯಾದ ಫೈರ್‌ಬೇಸ್‌ನ ಹಳೆಯ ವಿಧಾನವನ್ನು ನಿಲ್ಲಿಸುತ್ತೇವೆ ಎಂದು 2023ರ ಜೂನ್‌ನಲ್ಲೇ ಪ್ರಕಟಣೆ ಬಂದಿತ್ತು, 2024ರ ಜುಲೈ 22ರಿಂದ ಹಂತಹಂತವಾಗಿ ನಿಲ್ಲಿಸಿದರು. ನಿಮ್ಮ ಆ್ಯಪ್ 2023ರ ಕೊನೆಯಲ್ಲಿ ಹೊರಬಂದಾಗಲೇ ಆ ಪ್ರಕಟಣೆಗೆ ತಿಂಗಳುಗಳಾಗಿದ್ದವು. ನೀವು ಹೇಳುವ ಮಳೆಗಾಲ ಇದಕ್ಕೆ ಸರಿಯಾಗಿ ತಾಳೆಯಾಗುತ್ತದೆ. ಮೂರು ತಿಂಗಳಿಗೊಮ್ಮೆ ಯಾರಾದರೂ ಲೈಬ್ರರಿಗಳ ಪಟ್ಟಿಯನ್ನೂ ಬಂದ ಮೇಲ್‌ಗಳನ್ನೂ ನೋಡುವ ವ್ಯವಸ್ಥೆ ಇದ್ದಿದ್ದರೆ ನೋಟಿಫಿಕೇಶನ್ ನಿಲ್ಲುವ ಮೊದಲೇ ಆ ಕೆಲಸ ಮುಗಿಯುತ್ತಿತ್ತು.

ಈಗ ಶೇಕಡಾವಾರು ಮಾತಿಗೆ ಬರುತ್ತೇನೆ. ಮಾಡಿಸಿದ ಬೆಲೆಯ ಶೇ 15ರಿಂದ 20 ಎಂಬುದು ನಮ್ಮ ವೃತ್ತಿಯಲ್ಲಿ ಬಹುಕಾಲದಿಂದ ಇರುವ ಅಂದಾಜು. ಯೋಜನೆ ಇನ್ನೂ ಕಾಗದದ ಮೇಲೆ ಇರುವಾಗ ಅದು ಉಪಯೋಗಕ್ಕೆ ಬರುತ್ತದೆ. ಆದರೆ ನಿಮ್ಮ ಆ್ಯಪನ್ನೇ ಬೆಂಗಳೂರಿನ ದೊಡ್ಡ ಕಂಪನಿಯೊಂದು ₹12 ಲಕ್ಷಕ್ಕೆ ಮಾಡಿಕೊಟ್ಟಿದ್ದರೆ ನಿರ್ವಹಣೆ ₹2.4 ಲಕ್ಷ ಆಗಬೇಕೆಂದೇನೂ ಇಲ್ಲ. ಲೈಬ್ರರಿಗಳು ಅವೇ, ಗಡುವುಗಳು ಅವೇ, ಪುಟಗಳೂ ಅಷ್ಟೇ. ನಿರ್ವಹಣೆಯ ಖರ್ಚು ನಿರ್ಧಾರವಾಗುವುದು ಹೊರಗಿನ ಲೈಬ್ರರಿಗಳು ಎಷ್ಟಿವೆ, ಅವುಗಳಲ್ಲಿ ಜೀವಂತವಾಗಿರುವುವು ಎಷ್ಟು, ಎಷ್ಟು ಬಗೆಯ ಫೋನ್‌ಗಳಲ್ಲಿ ನೋಡಬೇಕು ಎಂಬುದರಿಂದ. ಆದ್ದರಿಂದ ಗಂಟೆಗಳಲ್ಲಿ ಲೆಕ್ಕ ಹಾಕುವುದು ಒಳ್ಳೆಯದು. ಗಂಟೆಗೆ ₹700 ಎಂದು ಹಿಡಿಯುತ್ತೇನೆ. ನಿಮ್ಮ ಡೆವಲಪರ್‌ನ ದರ ಬೇರೆಯಿದ್ದರೆ ಅದನ್ನು ಹಾಕಿಕೊಳ್ಳಿ.

ಹಿಂದಿನ ಬಾಕಿ ಇಲ್ಲದ ಒಂದು ಸಾಧಾರಣ ವರ್ಷವನ್ನು ಮೊದಲು ನೋಡಿ. ವಾರ್ಷಿಕ ಆಂಡ್ರಾಯ್ಡ್ ಏರಿಕೆ ಮತ್ತು ಅದರ ಪರೀಕ್ಷೆಗೆ 30 ಗಂಟೆ, ಮೂರು ತಿಂಗಳಿಗೊಮ್ಮೆ ಲೈಬ್ರರಿಗಳನ್ನು ನೋಡಿ ಸಣ್ಣ ಏರಿಕೆಗಳನ್ನು ಮುಗಿಸುವುದಕ್ಕೆ 16 ಗಂಟೆ, ಪ್ಲೇ ಕನ್ಸೋಲ್‌ನ ಘೋಷಣೆಗಳು ಮತ್ತು ನೀತಿಯ ಮೇಲ್‌ಗಳಿಗೆ 6 ಗಂಟೆ, ಸರ್ವರ್‌ನ ಭದ್ರತಾ ತಿದ್ದುಪಡಿ ಮತ್ತು ಬ್ಯಾಕಪ್ ಪರಿಶೀಲನೆಗೆ ತಿಂಗಳಿಗೆ ಒಂದೂವರೆಯಂತೆ 18 ಗಂಟೆ. ಒಟ್ಟು 70 ಗಂಟೆ, ಅಂದರೆ ₹49,000. ಇದರ ಹೊರತಾಗಿ ಕೆಲಸವಿರಲಿ ಇಲ್ಲದಿರಲಿ ಕಟ್ಟಲೇಬೇಕಾದ ಬಿಲ್ಲುಗಳು: ಸಣ್ಣ ಸರ್ವರ್‌ಗೆ ತಿಂಗಳಿಗೆ ₹1,300 ಎಂದು ಹಿಡಿದರೆ ವರ್ಷಕ್ಕೆ ₹15,600, ಡೊಮೇನ್‌ಗೆ ₹1,200, ಒಟಿಪಿ ಎಸ್ಎಂಎಸ್‌ಗೆ ₹2,000ದಷ್ಟು, ಒಟ್ಟು ₹18,800. ಮೂರನೆಯದಾಗಿ, ಪ್ರಿಂಟರ್ ಲೈಬ್ರರಿಯಂತೆ ಯಾವುದಾದರೂ ಒಂದು ಕೈಕೊಟ್ಟರೆ ಬೇಕಾಗುವ 30 ಗಂಟೆಯ ಮೀಸಲು, ₹21,000. ಇದು ಎಲ್ಲ ವರ್ಷವೂ ಖರ್ಚಾಗುವುದಿಲ್ಲ, ಆದ್ದರಿಂದ ಮುಂಗಡವಾಗಿ ಯಾರಿಗೂ ಕೊಡಬೇಡಿ. ನಿಮ್ಮ ಖಾತೆಯಲ್ಲೇ ಬೇರೆಯಾಗಿ ಇಟ್ಟು, ಬಳಸಿದಾಗ ತುಂಬಿಸಿ. ಎಲ್ಲ ಸೇರಿ ₹88,800. ನಿಮ್ಮ ಮೊದಲ ಗೆಳೆಯರ ಶೇ 20ಕ್ಕೆ ಇದು ತೀರಾ ಹತ್ತಿರ ಬಂದಿರುವುದು ಕಾಕತಾಳೀಯ, ಅದನ್ನು ಸೂತ್ರವೆಂದು ತಿಳಿಯಬೇಡಿ.

ಆದರೆ ನಿಮ್ಮ ಈ ವರ್ಷ ಸಾಧಾರಣ ವರ್ಷವಲ್ಲ. ಎರಡು ವರ್ಷಗಳ ಏರಿಕೆ ಬಾಕಿ ಇದೆ. ಬಾಕಿಯನ್ನು ತೀರಿಸಲು ಫ್ಲಟರ್ ಮತ್ತು ಬಿಲ್ಡ್ ಉಪಕರಣಗಳಿಗೆ 25 ಗಂಟೆ, ಪ್ರಿಂಟರ್ ಲೈಬ್ರರಿ ಬದಲಾವಣೆಗೆ 20, ಪರದೆಯ ಅಂಚು ಮತ್ತು ಉಳಿದ ಲೈಬ್ರರಿಗಳಿಗೆ 10, ಪರೀಕ್ಷೆಗೆ 10, ಹೀಗೆ 65 ಗಂಟೆ ಅಥವಾ ₹45,500 ಹಿಡಿಯುತ್ತೇನೆ. ಇದಕ್ಕೆ ವರ್ಷದ ಉಳಿದ 40 ಗಂಟೆಗಳ ₹28,000, ಬಿಲ್ಲುಗಳ ₹18,800, ಮೀಸಲಿನ ₹21,000 ಸೇರಿಸಿದರೆ ₹1,13,300 ಆಗುತ್ತದೆ. ಹಾಗಾಗಿ ನಿಮ್ಮ ಡೆವಲಪರ್ ಕೇಳಿದ ₹1.10 ಲಕ್ಷ ಈ ಒಂದು ವರ್ಷಕ್ಕೆ ಅನ್ಯಾಯದ ಮೊತ್ತವಲ್ಲ, ಅದರೊಳಗೆ ಸರ್ವರ್ ಬಿಲ್ಲೂ ಬಾಕಿ ಕೆಲಸವೂ ಮೀಸಲಿನ ಗಂಟೆಗಳೂ ಸೇರಿದ್ದರೆ. ಪ್ರತಿ ವರ್ಷವೂ ಅದೇ ಮೊತ್ತವನ್ನು ಎಎಂಸಿ ಎಂದು ಬರೆಸಿಕೊಂಡರೆ ಅದು ಹೆಚ್ಚಾಯಿತು. ಬಾಕಿ ತೀರಿಸುವ ಕೆಲಸಕ್ಕೆ ಒಂದು ಕೊಟೇಶನ್, ವಾರ್ಷಿಕ ನಿರ್ವಹಣೆಗೆ ಇನ್ನೊಂದು ಕೊಟೇಶನ್ ಕೇಳಿ. ಜೊತೆಗೆ ಒಂದು ಮಾತನ್ನು ಅವಶ್ಯ ಹೇಳಿ: ಹೇಗೂ ಬಾಕಿ ತೀರಿಸುತ್ತಿರುವುದರಿಂದ 35ಕ್ಕೆ ನಿಲ್ಲಿಸದೆ ನೇರವಾಗಿ 36ಕ್ಕೆ ಏರಿಸಲಿ. 2025ರ ಜೂನ್‌ನಲ್ಲೇ ಆಂಡ್ರಾಯ್ಡ್ 16 ಬಂದಿದೆ. 35ಕ್ಕೆ ನಿಲ್ಲಿಸಿದರೆ ಮುಂದಿನ ಆಗಸ್ಟ್‌ಗೆ ಅದೇ ಪುಟಗಳನ್ನು ಮತ್ತೆ ತೆರೆದು ನೋಡುವುದಕ್ಕೆ ನೀವು ಎರಡನೆಯ ಸಲ ಹಣ ಕೊಡಬೇಕಾಗುತ್ತದೆ.

ಕೊಟೇಶನ್ ಬರುವ ಮೊದಲು ಡೆವಲಪರ್ ಹತ್ತಿರ ಈ ಒಂದು ಆದೇಶವನ್ನು ಓಡಿಸಿ, ಬಂದ ಪಟ್ಟಿಯನ್ನು ಕಳಿಸಲು ಹೇಳಿ:

```
flutter pub outdated
```

ಪ್ರತಿ ಲೈಬ್ರರಿಯೂ ಈಗ ಯಾವ ಆವೃತ್ತಿಯಲ್ಲಿದೆ, ಹೊಸದು ಯಾವುದು, ಯಾವುದನ್ನು ಅದರ ಲೇಖಕರೇ ಅಧಿಕೃತವಾಗಿ ಕೈಬಿಟ್ಟಿದ್ದಾರೆ ಎಂದು ಆ ಪಟ್ಟಿ ತೋರಿಸುತ್ತದೆ. ಕೈಬಿಟ್ಟವು ಮೂರು ನಾಲ್ಕು ಇದ್ದರೆ ನನ್ನ 65 ಗಂಟೆ ಸಾಲದು. ಒಂದೂ ಇಲ್ಲದಿದ್ದರೆ ಅಷ್ಟು ಬೇಕಾಗುವುದಿಲ್ಲ. ಲೇಖಕರು ಏನನ್ನೂ ಹೇಳದೆ ಸುಮ್ಮನೆ ಬಿಟ್ಟ ಲೈಬ್ರರಿಗಳು ಮಾತ್ರ ಪಟ್ಟಿಯಲ್ಲಿ ಎದ್ದು ಕಾಣುವುದಿಲ್ಲ, ಆದ್ದರಿಂದ ಎರಡು ವರ್ಷದಿಂದ ಹೊಸ ಆವೃತ್ತಿ ಕಾಣದವುಗಳನ್ನು ಪ್ರತ್ಯೇಕವಾಗಿ ಗುರುತು ಹಾಕಿಸಿ.

ಎಎಂಸಿಯೇ ಬೇಡ, ಕೆಲಸ ಬಿದ್ದಾಗ ಗಂಟೆ ಲೆಕ್ಕದಲ್ಲಿ ಕೊಡುತ್ತೇನೆ ಎಂದರೂ ನಡೆಯುತ್ತದೆ. ಅದರ ಅಪಾಯವೆಂದರೆ ಆಗಸ್ಟ್‌ನಲ್ಲಿ ಎಲ್ಲರ ಆ್ಯಪ್‌ಗೂ ಒಂದೇ ಗಡುವು. ಎಎಂಸಿ ಇರುವವರ ಕೆಲಸ ಮುಗಿದ ಮೇಲೆ ನಿಮ್ಮ ಸರದಿ ಬರುತ್ತದೆ. ಜೂನ್–ಜುಲೈನಲ್ಲೇ ಸಮಯ ಕಾಯ್ದಿರಿಸಿದರೆ ಈ ಅಪಾಯ ಬಹುಪಾಲು ತಗ್ಗುತ್ತದೆ, ನವರಾತ್ರಿ ದೀಪಾವಳಿಯ ಭರಾಟೆಗೂ ಮೊದಲೇ ಎಲ್ಲ ಮುಗಿದಿರುತ್ತದೆ. ದುಗ್ಗಮ್ಮನ ಜಾತ್ರೆ ಇರುವ ವರ್ಷ ಜಾತ್ರೆಯ ವಾರದಲ್ಲಿ ಹೊಸ ಆವೃತ್ತಿ ಬಿಡಬೇಡಿ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡು ವರ್ಷಕ್ಕೊಮ್ಮೆ ಮಾಡಿಸಿದರೆ ಹಣ ಉಳಿಯುವುದಿಲ್ಲವೇ ಎಂಬ ಯೋಚನೆ ಹಲವರಿಗೆ ಬರುತ್ತದೆ. ಹೊಸ ಗಿರಾಕಿಗಳಿಗೆ ಕಾಣುವ ಮಟ್ಟಿಗೆ ನಿಯಮ ಅದಕ್ಕೆ ಹೆಚ್ಚುಕಡಿಮೆ ಅವಕಾಶ ಕೊಡುತ್ತದೆ. ಆದರೆ ನಡುವಿನ ವರ್ಷದ ಆಗಸ್ಟ್‌ನಿಂದ ಆ್ಯಪ್‌ಗೆ ತಿದ್ದುಪಡಿ ಏರಿಸುವ ದಾರಿ ಮುಚ್ಚಿರುತ್ತದೆ. ಕೆಲಸವೂ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ಏಕೆಂದರೆ ಒಂದೊಂದೇ ಮೆಟ್ಟಿಲಾದರೆ ಯಾವ ಲೈಬ್ರರಿಯಿಂದ ದೋಷ ಬಂತೆಂದು ತಿಳಿಯುವುದು ಸುಲಭ, ಎಲ್ಲವನ್ನೂ ಒಟ್ಟಿಗೆ ಏರಿಸಿದಾಗ ಐದಾರು ಕಡೆ ಒಟ್ಟಿಗೆ ಮುರಿಯುತ್ತದೆ. ದರ, ತೆರಿಗೆ, ಸರಕಿನ ಪಟ್ಟಿ ಎಲ್ಲವೂ ಸರ್ವರ್‌ನಿಂದಲೇ ಬರುವ ಆ್ಯಪ್‌ಗೆ ಈ ದಾರಿಯನ್ನು ಯೋಚಿಸಬಹುದು. ಲೈನ್‌ನಲ್ಲಿ ಬಿಲ್ ಮುದ್ರಿಸುವ ನಿಮ್ಮ ಆ್ಯಪ್‌ಗೆ ನಾನು ಇದನ್ನು ಒಪ್ಪುವುದಿಲ್ಲ.

ಐಫೋನ್‌ನ ವಿಚಾರಕ್ಕೆ ಬಂದರೆ, ಡಾಲರ್‌ಗೆ ₹88 ಎಂದು ಹಿಡಿದರೂ 99 ಡಾಲರ್ ಸುಮಾರು ₹8,700 ಆಗುತ್ತದೆ. ಅದು ಫೀ ಮಾತ್ರ. ಆ್ಯಪಲ್‌ನದ್ದೂ ಪ್ರತ್ಯೇಕ ವಾರ್ಷಿಕ ನಿಯಮವಿದೆ. 2025ರ ಏಪ್ರಿಲ್ 24ರಿಂದ, ಆ್ಯಪಲ್‌ನ ಬಿಲ್ಡ್ ಉಪಕರಣವಾದ ಎಕ್ಸ್‌ಕೋಡ್‌ನ 16 ಅಥವಾ ಅದಕ್ಕಿಂತ ಹೊಸ ಆವೃತ್ತಿಯಲ್ಲಿ ಬಿಲ್ಡ್ ಮಾಡಿದ ಆ್ಯಪ್‌ಗಳನ್ನು ಮಾತ್ರ ತೆಗೆದುಕೊಳ್ಳತೊಡಗಿದರು, ಎಕ್ಸ್‌ಕೋಡ್ 16 ಹಳೆಯ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಓಡುವುದಿಲ್ಲ. ಬಿಲ್ಡ್ ಮತ್ತು ಪರೀಕ್ಷೆಗೆ ವರ್ಷಕ್ಕೆ 20 ಗಂಟೆ ಹಿಡಿದರೆ ₹14,000. ಒಟ್ಟು ₹22,700, ಅಂದರೆ ಒಂದೊಂದು ಐಫೋನ್ ಅಂಗಡಿಗೆ ವರ್ಷಕ್ಕೆ ₹2,500ಕ್ಕೂ ಹೆಚ್ಚು. ಆ 9 ಅಂಗಡಿಗಳ ವಹಿವಾಟು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಅದು ಸಾಧಾರಣವಾಗಿದ್ದರೆ ಬ್ರೌಸರ್‌ನಲ್ಲಿ ತೆರೆಯುವ ಒಂದು ಸರಳ ಆರ್ಡರ್ ಪುಟ ಮಾಡಿಸಿ ಅವರಿಗೆ ಕೊಡಿ. ಸದಸ್ಯತ್ವ ನವೀಕರಿಸದಿದ್ದರೆ ಆಪ್ ಸ್ಟೋರ್‌ನಿಂದ ಆ್ಯಪ್ ಇಳಿಯುತ್ತದೆ, ಈಗಾಗಲೇ ಹಾಕಿಕೊಂಡವರ ಫೋನ್‌ನಲ್ಲಿ ಉಳಿಯುತ್ತದೆ. ಆದ್ದರಿಂದ ಪುಟ ಸಿದ್ಧವಾಗಿ ಅವರಿಗೆ ರೂಢಿಯಾಗುವವರೆಗೆ ಸ್ವಲ್ಪ ಕಾಲಾವಕಾಶ ಇರುತ್ತದೆ. ನವೀಕರಿಸುವುದೇ ಆದರೆ, ನಮ್ಮ ಬ್ಯಾಂಕ್ ಕಾರ್ಡ್‌ಗಳಲ್ಲಿ ವಿದೇಶಿ ಹಣ ತಾನಾಗಿ ಕಡಿತವಾಗುವುದು ಹಲವು ಸಲ ವಿಫಲವಾಗುತ್ತದೆ, ದಿನಾಂಕವನ್ನು ಗುರುತು ಹಾಕಿಟ್ಟುಕೊಂಡು ಕೈಯಾರೆ ಕಟ್ಟಿ.

ಕೊನೆಯದಾಗಿ ಎಎಂಸಿ ಪತ್ರಕ್ಕೆ ಸಹಿ ಹಾಕುವ ಮೊದಲು ಪ್ಲೇ ಕನ್ಸೋಲ್ ಖಾತೆ ಯಾರ ಇಮೇಲ್‌ನಲ್ಲಿದೆ ಎಂದು ನೋಡಿ. ಡೆವಲಪರ್‌ನ ಸ್ವಂತ ಖಾತೆಯಲ್ಲಿದ್ದರೆ, ಮುಂದೆ ಅವರೊಂದಿಗೆ ವ್ಯವಹಾರ ನಿಂತ ದಿನ ಅದೇ ಹೆಸರಿನ ಹೊಸ ಆ್ಯಪ್ ಹಾಕಿ 340 ಅಂಗಡಿಗಳಿಗೂ ಮತ್ತೆ ಹೋಗಿ ಹಾಕಿಸಬೇಕಾದೀತು. ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಖಾತೆ ತೆರೆದು ಆ್ಯಪನ್ನು ಅದಕ್ಕೆ ವರ್ಗಾಯಿಸುವ ಅಧಿಕೃತ ಕ್ರಮ ಕನ್ಸೋಲ್‌ನಲ್ಲೇ ಇದೆ, ವರ್ಗಾಯಿಸಿದರೆ ಈಗಿನ ಬಳಕೆದಾರರಿಗೆ ಏನೂ ತಿಳಿಯುವುದಿಲ್ಲ. ಅಪ್‌ಲೋಡ್ ಮಾಡುವ ಕೀ, ಅಂದರೆ ಏರಿಸುವ ಆ್ಯಪ್ ನಿಮ್ಮಿಂದಲೇ ಬಂದದ್ದೆಂದು ಗುರುತಿಸುವ ಡಿಜಿಟಲ್ ಕಡತ ಕಳೆದರೂ, ಗೂಗಲ್ ಬಳಿಯೇ ಸಹಿ ಕೀ ಇಡುವ ವ್ಯವಸ್ಥೆ ಬಳಸಿದ್ದರೆ, ಖಾತೆಯ ಮಾಲೀಕರು ಹೊಸದನ್ನು ಕೇಳಿ ಪಡೆಯಬಹುದು; ಖಾತೆಯೇ ನಿಮ್ಮದಲ್ಲದಿದ್ದರೆ ಆ ದಾರಿ ನಿಮಗಿಲ್ಲ. ಫೈರ್‌ಬೇಸ್ ಯೋಜನೆ, ಡೊಮೇನ್, ಸರ್ವರ್, ಕೋಡ್ ಇರುವ ಖಾತೆಗಳೂ ನಿಮ್ಮ ಇಮೇಲ್‌ನಲ್ಲಿರಲಿ, ಅವುಗಳ ಬಿಲ್ಲನ್ನು ನಿಮ್ಮ ಕಾರ್ಡ್‌ನಿಂದಲೇ ಕಟ್ಟಿ, ಡೆವಲಪರ್‌ಗೆ ಕೆಲಸ ಮಾಡಲು ಬೇಕಾದಷ್ಟು ಪ್ರವೇಶ ಕೊಡಿ. ಹಾಗೆ ಮಾಡಿದರೆ ಅವರ ಕೊಟೇಶನ್‌ನಿಂದ ಮೇಲೆ ಹೇಳಿದ ₹18,800 ಹೊರಗೆ ಬಂದು, ಕೆಲಸದ ಗಂಟೆಗಳ ಬೆಲೆ ಎಷ್ಟೆಂದು ಇಬ್ಬರಿಗೂ ಸ್ಪಷ್ಟವಾಗಿ ಕಾಣುತ್ತದೆ.